ಚಾರ್ಜ್ ಇಲ್ಲ, ಆದ್ರೂ 90 ಸಾವಿರ ಜಾಸ್ತಿ

ಟೈಲರಿಂಗ್ ಅಂಗಡಿಯ ಅಕ್ಕ ಒಬ್ಬರು ಬ್ಯಾಂಕಿನ ಇಂಗ್ಲಿಷ್ ಪತ್ರ ತಂದು, "ಇಎಂಐ ಕಡಿಮೆ ಮಾಡ್ತಾರಂತೆ, ಒಳಗೆ ಬೇರೆ ಚಾರ್ಜ್ ಏನಾದ್ರೂ ಇದೆಯಾ ನೋಡಪ್ಪ" ಅಂದ್ರು. ಸಾಲದ ಮರುಹೊಂದಾಣಿಕೆ ಪತ್ರ ಅದು. ಸಾಲು ಸಾಲಾಗಿ ಕನ್ನಡಕ್ಕೆ ತಂದೆ. ಹೊಸ ಶುಲ್ಕ ಎಲ್ಲೂ ಇರಲಿಲ್ಲ. ಆದ್ರೆ ಬಡ್ಡಿಯನ್ನ 'ಕ್ಯಾಪಿಟಲೈಸ್' ಮಾಡ್ತೀವಿ ಅಂತ ಇತ್ತು.

ಅದನ್ನ 'ಬಂಡವಾಳೀಕರಣ' ಅಂತ ಬರೆದ್ರೆ ಅಕ್ಕನಿಗೆ ಏನೂ ತಿಳಿಯಲ್ಲ. ಹಾಗಾಗಿ ಹೀಗೆ ಬರೆದೆ: 'ಕಂತಿಗೆ ವಿನಾಯಿತಿ ಕೊಟ್ಟ 3 ತಿಂಗಳ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೆ. ಮುಂದೆ ಆ ಬಡ್ಡಿಗೂ ಬಡ್ಡಿ ಬೀಳುತ್ತದೆ.'

ಈಗ ಲೆಕ್ಕ. ಬಾಕಿ 5 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 12. ಮೂರು ತಿಂಗಳಲ್ಲಿ ಅಸಲು 5,15,150 ರೂಪಾಯಿ ಆಗುತ್ತೆ. ಅವಧಿ 36 ತಿಂಗಳಿಂದ 60ಕ್ಕೆ ಹೋಗೋದ್ರಿಂದ ಇಎಂಐ 16,607ರಿಂದ 11,459ಕ್ಕೆ ಇಳಿಯುತ್ತೆ. ಒಟ್ಟು ಕಟ್ಟೋದು ಮಾತ್ರ 5.98 ಲಕ್ಷದಿಂದ 6.88 ಲಕ್ಷಕ್ಕೆ ಏರುತ್ತೆ. ಆ 90 ಸಾವಿರ ಪತ್ರದಲ್ಲಿ ಎಲ್ಲೂ ಬರೆದಿರಲಿಲ್ಲ.

ಇನ್ನೊಂದು ವಿಷಯ. ಕಂತು ತಡವಾದದ್ದಕ್ಕೆ ಹಾಕಿದ ದಂಡ ಶುಲ್ಕದ ಮೇಲೆ ಬಡ್ಡಿ ಹಾಕೋ ಹಾಗಿಲ್ಲ, ಅದು ಆರ್‌ಬಿಐ ನಿಯಮ. ಹಾಗಾಗಿ ಹೊಸ ಅಸಲಿನೊಳಗೆ ಹಳೇ ದಂಡ ಸೇರಿದೆಯಾ ಅಂತ ನೋಡ್ಲೇಬೇಕು.

ಅಕ್ಕ ಇನ್ನೂ ಸಹಿ ಹಾಕಿಲ್ಲ. ಹೊಸ ಅಸಲು ಹೇಗೆ ಬಂತು, ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು, ಎರಡನ್ನೂ ಬರೆದು ಕೊಡಿ ಅಂತ ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದಾರೆ.