ಸಂಬಳದಿಂದ ಹಿಡಿದ ಟಿಡಿಎಸ್ ತಡವಾಗಿ ಕಟ್ಟಿದ ಕಂಪನಿ ನೋಟಿಸಿಗೆ ಏನು ಬರೆಯಿತು?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಟ್ಯಾಕ್ಸ್ ನನ್ನ ವಿಷಯ ಅಲ್ಲ. ಆದ್ರೆ ಹಿಂದಿನ ಕಂಪನಿಯಲ್ಲಿ ಪೇರೋಲ್ ಸಾಫ್ಟ್‌ವೇರ್ ನೋಡಿಕೊಳ್ತಿದ್ದೆ. ಹಾಗಾಗಿ 2024ರ ಜೂನ್‌ನಲ್ಲಿ ಆದಾಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಾಗ ನನ್ನನ್ನೂ ಮೀಟಿಂಗಿಗೆ ಕರೆದರು.

ನೋಟಿಸಿನ ಸಾರ ಇಷ್ಟೇ. 2022ರ ಅಕ್ಟೋಬರ್, ನವೆಂಬರ್, ಡಿಸೆಂಬರ್ ಸಂಬಳದಲ್ಲಿ ಟಿಡಿಎಸ್ ಹಿಡಿದಿದ್ದೀರಿ, ಸಮಯಕ್ಕೆ ಸರ್ಕಾರಕ್ಕೆ ಕಟ್ಟಿಲ್ಲ. 1961ರ ಕಾಯ್ದೆಯ ಸೆಕ್ಷನ್ 276ಬಿ ಪ್ರಕಾರ ನಿಮ್ಮ ಮೇಲೆ ಯಾಕೆ ಕೇಸು ಹಾಕಬಾರದು ಹೇಳಿ. ಇದು ಬರೀ ದಂಡದ ಮಾತಲ್ಲ. ಆಗ 3 ತಿಂಗಳಿಂದ 7 ವರ್ಷದವರೆಗೆ ಜೈಲು ಆಗಬಹುದಿತ್ತು. ಕಂಪನಿಯನ್ನ ಜೈಲಿಗೆ ಹಾಕೋಕಾಗಲ್ಲ, ಅದಕ್ಕೇ ಡೈರೆಕ್ಟರ್ ಹೆಸರಿಗೂ ಬೇರೆ ನೋಟಿಸ್ ಬಂದಿತ್ತು.

ಫೈನಾನ್ಸ್‌ನವರು ಬರೆದ ಮೊದಲ ಡ್ರಾಫ್ಟ್ ನೋಡಿ ನನಗೆ ತಲೆ ಗಿರ್ ಅಂತು. "ಪೇರೋಲ್ ಸಾಫ್ಟ್‌ವೇರಿನ ತಾಂತ್ರಿಕ ದೋಷದಿಂದ ಚಲನ್ ತಯಾರಾಗಲಿಲ್ಲ." ಅದಕ್ಕೆ ನಾನೊಂದು ಪತ್ರ ಬರೆದು ಸಹಿ ಹಾಕಬೇಕಂತೆ. "ಒಂದ್ ಸಹಿ ತಾನೇ, ನಿಂಗೇನೂ ಆಗಲ್ಲ" ಅಂದ್ರು ಮ್ಯಾನೇಜರ್. ನಾನು ಲಾಗ್ ತೆಗೆದೆ:

```
2022-11-03 11:42 TDS OCT-2022 amount=900000 status=GENERATED
```

7ನೇ ತಾರೀಕಿಗೆ ನಾಲ್ಕು ದಿನ ಮೊದಲೇ ಚಲನ್‌ಗೆ ಬೇಕಾದ್ದೆಲ್ಲ ರೆಡಿ ಇತ್ತು. ಯಾರೂ ದುಡ್ಡು ಕಟ್ಟಲಿಲ್ಲ, ಅಷ್ಟೆ. ನಾನು ಸಹಿ ಹಾಕಲ್ಲ ಅಂದೆ. ಎರಡು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಕಂಪನಿಯ ಸಿಎ ಬಂದರು. ವಯಸ್ಸಾದವರು, ಕಡಿಮೆ ಮಾತು. ಲಾಗ್ ನೋಡಿ ಆ ಡ್ರಾಫ್ಟನ್ನ ಪಕ್ಕಕ್ಕಿಟ್ಟರು. ಸುಳ್ಳು ಕಾರಣ ಕೊಟ್ಟು ಸಿಕ್ಕಿಹಾಕಿಕೊಂಡರೆ ನಿಜವಾದ ಕಾರಣವನ್ನೂ ಯಾರೂ ನಂಬಲ್ಲ ಅಂದ್ರು. ಸೆಕ್ಷನ್ 278ಎಎ ಪ್ರಕಾರ ತಪ್ಪಿಗೆ ಸಮಂಜಸ ಕಾರಣ ಇತ್ತು ಅಂತ ಸಾಬೀತು ಮಾಡಿದರೆ ಶಿಕ್ಷೆ ಇಲ್ಲ. ಆದರೆ ಸಾಬೀತು ಮಾಡೋ ಹೊಣೆ ನಮ್ಮದೇ.

ನಿಜವಾದ ಕಾರಣ ಏನು? ದೊಡ್ಡ ಕ್ಲೈಂಟಿನ ಬಿಲ್ ಸೆಪ್ಟೆಂಬರಿನಲ್ಲಿ ಬರಬೇಕಿತ್ತು, ಬಂದಿದ್ದು ಜನವರಿ 19ಕ್ಕೆ. ಮರುದಿನವೇ ಮೂರೂ ತಿಂಗಳದ್ದು ಕಟ್ಟಿದ್ದರು. ಇಲ್ಲೊಂದು ಮುಜುಗರದ ಪ್ರಶ್ನೆ ಇದೆ: ಸಂಬಳ ಕೊಡೋಕೆ ದುಡ್ಡಿತ್ತು, ಟಿಡಿಎಸ್‌ಗೆ ಯಾಕಿರಲಿಲ್ಲ? ಪೇಸ್ಲಿಪ್ಪಿನಲ್ಲಿ "ಹಿಡಿದಿದೆ" ಅಂತ ಬರೆದ ಹಣ ನಮ್ಮದು, ಕಂಪನಿಯ ಖರ್ಚಿಗಲ್ಲ. ಬರೀ "ಆರ್ಥಿಕ ತೊಂದರೆ" ಅಂತ ಬರೆದರೆ ಅಧಿಕಾರಿ ಕೇಳೋದು ಇದನ್ನೇ. ಹಾಗಾಗಿ ಉತ್ತರದ ಜೊತೆ ಆ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕ್ಲೈಂಟಿಗೆ ಕಳಿಸಿದ ಜ್ಞಾಪನಾ ಮೇಲ್‌ಗಳು, ಡೈರೆಕ್ಟರ್ ತಾವೇ ಸಂಬಳ ತಗೊಂಡಿಲ್ಲ ಅನ್ನೋ ದಾಖಲೆ, ಎಲ್ಲಾ ಲಗತ್ತಿಸಿದರು. ನನಗೆ ಆ ಕೊನೇದು ಆವತ್ತೇ ಗೊತ್ತಾಗಿದ್ದು.

ಆಮೇಲೆ ತಾರೀಕುಗಳ ಪಟ್ಟಿ. ತಿಂಗಳಿಗೆ 9 ಲಕ್ಷ ಟಿಡಿಎಸ್. ಅಕ್ಟೋಬರಿನದು ನವೆಂಬರ್ 7ಕ್ಕೆ ಕಟ್ಟಬೇಕಿತ್ತು, 74 ದಿನ ತಡ. ನವೆಂಬರಿನದು 44 ದಿನ, ಡಿಸೆಂಬರಿನದು 13 ದಿನ. ಈ ದಿನಗಳು ಯಾಕೆ ಮುಖ್ಯ ಅಂದ್ರೆ, 2019ರ ಸೆಪ್ಟೆಂಬರಿನ ಒಂದು ಸುತ್ತೋಲೆ ಪ್ರಕಾರ, ಮೊತ್ತ 25 ಲಕ್ಷ ದಾಟದಿದ್ದು ತಡ 60 ದಿನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೇಸು ಹಾಕಲ್ಲ. ಪದೇ ಪದೇ ತಪ್ಪು ಮಾಡೋರಿಗೆ ಆ ರಿಯಾಯಿತಿ ಸಿಗದೇ ಇರಬಹುದು. ಅಂದ್ರೆ ನಮ್ಮ ನಿಜವಾದ ತಲೆನೋವು ಅಕ್ಟೋಬರ್ ಒಂದೇ. ಮೂರನ್ನೂ ಒಟ್ಟಿಗೆ ಸೇರಿಸಿ ಕ್ಷಮೆ ಕೇಳೋ ಬದಲು, ತಿಂಗಳು ತಿಂಗಳು ಬೇರೆ ಬೇರೆ ಉತ್ತರ ಬರೆದರು.

ಬಡ್ಡಿ ಲೆಕ್ಕಕ್ಕೆ ನನ್ನನ್ನೇ ಕೂರಿಸಿದರು. ಬಡ್ಡಿ ಶುರುವಾಗೋದು 7ನೇ ತಾರೀಕಿನಿಂದ ಅಲ್ಲ, ಸಂಬಳದಿಂದ ಹಿಡಿದ ದಿನದಿಂದ. ತಿಂಗಳಿಗೆ ಶೇಕಡಾ 1.5, ಅರ್ಧ ತಿಂಗಳಾದರೂ ಪೂರ್ತಿ. ಇಲಾಖೆಯ ಪೋರ್ಟಲ್ ಕ್ಯಾಲೆಂಡರ್ ತಿಂಗಳು ಎಣಿಸುತ್ತೆ. ಅಕ್ಟೋಬರ್ 31ಕ್ಕೆ ಹಿಡಿದು ಜನವರಿ 20ಕ್ಕೆ ಕಟ್ಟಿದರೆ ನಾಲ್ಕು ತಿಂಗಳು, ಶೇಕಡಾ 6, ಅಂದ್ರೆ 54,000. ನವೆಂಬರಿಗೆ 40,500, ಡಿಸೆಂಬರಿಗೆ 27,000. ಒಟ್ಟು 1,21,500. ಇದನ್ನ ನೋಟಿಸ್ ಬರೋ ಮೊದಲೇ, ಟಿಡಿಎಸ್ ಜೊತೆಗೇ ಕಟ್ಟಿದ್ದರು. ಆ ಚಲನ್‌ಗಳೇ ಉತ್ತರದ ಬೆನ್ನೆಲುಬು. ನೋಟಿಸ್ ಬಂದ ಮೇಲೆ ಕಟ್ಟಿದ್ದಿದ್ದರೆ ಕಥೆ ಬೇರೆ ಇರ್ತಿತ್ತು.

ಜನವರಿ 31ರೊಳಗೆ 24ಕ್ಯೂ ರಿಟರ್ನ್ ಹಾಕಿದ್ದು, ಎಲ್ಲಾ ನೌಕರರ 26ಎಎಸ್‌ನಲ್ಲಿ ಟಿಡಿಎಸ್ ಕಾಣ್ತಿರೋದು, ಇದನ್ನೂ ಸೇರಿಸಿದರು. ಯಾವ ನೌಕರನಿಗೂ ನಷ್ಟ ಆಗಿಲ್ಲ ಅನ್ನೋಕೆ ಪುರಾವೆ ಬೇಕಲ್ಲ. ಅಂದಹಾಗೆ, ನಿಮ್ಮ ಪೇಸ್ಲಿಪ್ಪಿನಲ್ಲಿ ಹಿಡಿದ ಟಿಡಿಎಸ್ ಕಂಪನಿ ಕಟ್ಟದಿದ್ದರೂ, ಆ ತೆರಿಗೆಯನ್ನ ನಿಮ್ಮಿಂದ ಮತ್ತೆ ವಸೂಲಿ ಮಾಡೋ ಹಾಗಿಲ್ಲ, 1961ರ ಕಾಯ್ದೆಯಲ್ಲಿ ಸೆಕ್ಷನ್ 205 ಅದನ್ನ ತಡೆಯುತ್ತಿತ್ತು. ಆದರೆ 26ಎಎಸ್‌ನಲ್ಲಿ ಅದು ಇಲ್ಲದಿದ್ದರೆ ರೀಫಂಡ್ ನಿಲ್ಲುತ್ತೆ, ಡಿಮ್ಯಾಂಡ್ ಕಾಗದ ಬರುತ್ತೆ, ಓಡಾಟ ನಿಮ್ಮದೇ. ಪೇಸ್ಲಿಪ್‌ಗಳನ್ನ ಜೋಪಾನವಾಗಿ ಇಟ್ಕೊಳ್ಳಿ.

ಇನ್ನೊಂದು ವಿಷಯ. 2024ರ ಅಕ್ಟೋಬರ್ 1ರಿಂದ ಕಾನೂನು ಬದಲಾಯಿತು: ಆ ತ್ರೈಮಾಸಿಕದ ರಿಟರ್ನ್ ಹಾಕೋ ಕೊನೆ ದಿನದೊಳಗೆ ಕಟ್ಟಿದರೆ 276ಬಿ ಕೇಸು ಇಲ್ಲ. ನಮ್ಮ ಜನವರಿ 20 ಆ ಗಡುವಿನೊಳಗೇ ಇತ್ತು. ಆದರೆ ನಾವು ಉತ್ತರ ಕೊಡೋ ಹೊತ್ತಿಗೆ ಆ ತಿದ್ದುಪಡಿ ಜಾರಿಗೆ ಬಂದಿರಲಿಲ್ಲ.

ಅಧಿಕಾರಿ ಇನ್ನಷ್ಟು ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು, ಡೈರೆಕ್ಟರ್ ಎರಡು ಸಲ ಹೋಗಿ ಬಂದರು. ಕೊನೆಗೆ ಕೇಸು ಹಾಕಲಿಲ್ಲ. ನಾನು ಮುಂದಿನ ಮಾರ್ಚಿನಲ್ಲಿ ಕೆಲಸ ಬದಲಾಯಿಸಿದೆ. ಬಿಡೋ ಮೊದಲು ಪೇರೋಲ್‌ನಲ್ಲಿ ಒಂದು ಬದಲಾವಣೆ ಮಾಡಿದೆ: ಸಂಬಳದ ಫೈಲ್ ಬ್ಯಾಂಕಿಗೆ ಹೋಗೋ ದಿನವೇ ಟಿಡಿಎಸ್ ಮೊತ್ತ ಬೇರೆ ಖಾತೆಗೆ ಹೋಗುತ್ತೆ. ಈಗಲೂ ಹಾಗೇ ನಡೀತಿದೆ ಅಂತ ಅಲ್ಲಿನ ಗೆಳೆಯ ಹೇಳಿದ.