ಬಾಡಿಗೆ ಚೆಕ್ಕಿನ ದಿನ ಕೈಯಲ್ಲೆಷ್ಟು?

ಶಾರ್ಜಾದಲ್ಲಿ ಕೆಫೆ ತೆರೆಯಬೇಕೆಂದಿರುವ ಗೆಳೆಯರೊಬ್ಬರಿಗೆ ನಾವು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿಕೊಟ್ಟೆವು. B1ರಲ್ಲಿ 1 ಹಾಕಿದರೆ ಒಳ್ಳೆ ವ್ಯಾಪಾರ, 2 ಹಾಕಿದರೆ ಮಂದ ವ್ಯಾಪಾರ. B2ರಲ್ಲಿ ದಿನಕ್ಕೆ 1,500 ದಿರ್ಹಂ, B3ರಲ್ಲಿ 900. ತಿಂಗಳ ಮಾರಾಟದ ಸೂತ್ರ ಇಷ್ಟೇ:

```
=CHOOSE($B$1,$B$2,$B$3)*30
```

ಸಾಮಾನಿನ ಖರ್ಚು ಮಾರಾಟದ ಶೇ. 40. ಸಂಬಳ, ಕರೆಂಟು ಸೇರಿ 12,000. ವ್ಯಾಪಾರ ಮಂದವಾದರೂ ಅದು ಇಳಿಯಲ್ಲ. 1ರಲ್ಲಿ ತಿಂಗಳಿಗೆ 15,000 ಉಳಿಯುತ್ತೆ, 2ರಲ್ಲಿ ಬರೀ 4,200.

ಮೊದಲ ಬಾಡಿಗೆ ಚೆಕ್ ಕೊಟ್ಟ ಮೇಲೆ ಅವರ ಕೈಯಲ್ಲಿ ಉಳಿಯೋದು 10,000. ಎರಡನೇ ಚೆಕ್ 24,000, ನಾಲ್ಕನೇ ತಿಂಗಳ ಒಂದನೇ ತಾರೀಕಿಗೆ. ಮಂದ ವ್ಯಾಪಾರವಾದರೆ ಅಂದು ಬ್ಯಾಂಕಲ್ಲಿ 22,600. 1,400 ಕಮ್ಮಿ, ಚೆಕ್ ಬೌನ್ಸ್!

ಒಂದು ಮಾತು: ಸ್ವಿಚ್ ಬದಲಿಸಿದಾಗ ಸಾಮಾನಿನ ಖರ್ಚು ಕದಲದಿದ್ದರೆ, ಅಲ್ಲಿ ಸೂತ್ರದ ಬದಲು ಅಂಕಿ ಟೈಪ್ ಮಾಡಿದ್ದೀರಿ ಅಂತ ಅರ್ಥ. ನಾವೂ ಮೊದಲು ಹಾಗೇ ಮಾಡಿದ್ದೆವು.

ಗೆಳೆಯರು ಇನ್ನೂ ಸಹಿ ಹಾಕಿಲ್ಲ.