‘ನೋಡೋಣ’ ಎನ್ನುವ ಬದಲು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾನು ಮಾತನಾಡಲಿರುವುದು ಒಂದು ಚಿಕ್ಕ ಪದದ ಬಗ್ಗೆ. ಅದು ‘ನೋಡೋಣ’. ಉರ್ದುವಿನಲ್ಲಿ ‘ದೇಖೇಂಗೆ’ ಎನ್ನುತ್ತೇವೆ. ಯಾರಾದರೂ ಹೆಚ್ಚಿನ ಕೆಲಸವೊಂದನ್ನು ಒಪ್ಪಿಸಲು ಬಂದಾಗ, ಆಗುವುದಿಲ್ಲ ಎನ್ನಲು ಸಂಕೋಚವಾಗಿ ನಾವು ಆಡುವ ಮಾತು ಇದು. ಕೆಲವರು ಇದೇ ಅರ್ಥದಲ್ಲಿ ‘ಇನ್ ಶಾ ಅಲ್ಲಾಹ್’ ಎಂದುಬಿಡುತ್ತಾರೆ. ಮಾಡುವ ಮನಸ್ಸಿದ್ದಾಗ ಹೇಳಬೇಕಾದ ಮಾತನ್ನು ತಪ್ಪಿಸಿಕೊಳ್ಳಲು ಬಳಸುವುದು ಸರಿಯೇ ಎಂದು ನೀವೇ ಯೋಚಿಸಿ. ನಾವು ‘ಇಲ್ಲ’ ಎಂಬ ಅರ್ಥದಲ್ಲಿ ‘ನೋಡೋಣ’ ಎಂದರೆ, ಕೇಳಿದವರು ‘ಹೂಂ’ ಎಂದು ತಿಳಿದು ಹೋಗುತ್ತಾರೆ.

ನನಗೆ ಹೀಗೇ ಆಯಿತು. ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು, “ಮೇಡಂ, ವಾರ್ಷಿಕೋತ್ಸವದ ನಾಟಕ ನೀವೇ ನೋಡಿಕೊಳ್ಳಬೇಕು” ಎಂದರು. ನಾನು, “ನೋಡೋಣ ಸರ್” ಎಂದೆ. ಮರುದಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿತ್ತು. ಐದು ವಾರ ತಾಲೀಮು ನಡೆಸಿದೆ. ನಾಟಕಕ್ಕೆ ಚಪ್ಪಾಳೆ ಬಂತು. ಆದರೆ ಆ ಐದು ವಾರ ಒಂಬತ್ತನೆಯ ತರಗತಿಯ ಕನ್ನಡ ನೋಟ್‌ಬುಕ್ಕುಗಳು ನನ್ನ ಕಪಾಟಿನಲ್ಲೇ ಉಳಿದವು. ಮನೆಯಲ್ಲಿ ಉರ್ದು ಆಡುವ ನಮ್ಮ ಮಕ್ಕಳಿಗೆ ‘ಲ’ ಮತ್ತು ‘ಳ’ ವ್ಯತ್ಯಾಸ ಕಷ್ಟ, ಏಕೆಂದರೆ ಉರ್ದುವಿನಲ್ಲಿ ‘ಳ’ ಇಲ್ಲ. ಒಬ್ಬ ಹುಡುಗಿ ತನ್ನ ಪ್ರಬಂಧದಲ್ಲಿ ‘ನಮ್ಮ ಹಳ್ಳಿ’ ಎಂಬುದನ್ನು ಉದ್ದಕ್ಕೂ ‘ನಮ್ಮ ಹಲ್ಲಿ’ ಎಂದು ಬರೆದಿದ್ದಳು. ತಿದ್ದಿದ ಪುಸ್ತಕ ಅವಳ ಕೈ ಸೇರದ ಕಾರಣ ಪರೀಕ್ಷೆಯಲ್ಲೂ ಹಾಗೆಯೇ ಬರೆದಳು. ಅವಳ ಅಂಕ ಹೋದದ್ದು ನನ್ನ ‘ನೋಡೋಣ’ದಿಂದ.

ಆಮೇಲೆ ನಾನು ಮಾಡಿದ ಮೊದಲ ಕೆಲಸ ಲೆಕ್ಕ ಹಾಕಿದ್ದು. ವಾರಕ್ಕೆ ಒಟ್ಟು 40 ಪೀರಿಯಡ್‌ಗಳು, ಒಂದೊಂದೂ 40 ನಿಮಿಷ. ನನ್ನ ಪಾಠ 26. ಉಳಿದ 14ರಲ್ಲಿ ರಜೆ ಹಾಕಿದವರ ತರಗತಿಗೆ ಹೋಗುವುದು ಸುಮಾರು 4. ಕೈಯಲ್ಲಿ ಉಳಿಯುವುದು 10 ಪೀರಿಯಡ್, ಅಂದರೆ 400 ನಿಮಿಷ. ನನ್ನ ಮೂರು ವಿಭಾಗಗಳಲ್ಲಿ ತಲಾ 42ರಂತೆ 126 ಮಕ್ಕಳು. ಒಂದು ನೋಟ್‌ಬುಕ್ಕಿಗೆ ಮೂರೇ ನಿಮಿಷ ಎಂದರೂ ವಾರಕ್ಕೆ 378 ನಿಮಿಷ. ಉಳಿತಾಯ 22 ನಿಮಿಷ! ಪಾಠದ ತಯಾರಿ ಆಗಲೇ ಮನೆಗೆ ಹೋಗಿತ್ತು. ನಾಟಕದ ತಾಲೀಮಿಗೆ ವಾರಕ್ಕೆ 4 ಪೀರಿಯಡ್, ಅಂದರೆ 160 ನಿಮಿಷ. ಅಷ್ಟು ಹೊತ್ತಿನಲ್ಲಿ 53 ಪುಸ್ತಕ ತಿದ್ದಬಹುದು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಡೈರಿಯಲ್ಲಿಟ್ಟುಕೊಂಡೆ. ‘ತುಂಬಾ ಕೆಲಸವಿದೆ’ ಎಂದರೆ ಯಾರೂ ನಂಬುವುದಿಲ್ಲ, ಎಲ್ಲರಿಗೂ ತುಂಬಾ ಕೆಲಸವಿದೆ. ಲೆಕ್ಕದ ಹಾಳೆಯನ್ನು ಮಾತ್ರ ಅಲ್ಲಗಳೆಯುವುದು ಕಷ್ಟ.

ಮುಂದಿನ ವರ್ಷ ಮತ್ತೆ ಕರೆ ಬಂತು. “ಈ ಸಲವೂ ನಾಟಕ ನಿಮ್ಮದೇ ಮೇಡಂ.” ನಾನು ಕೂಡಲೇ ಉತ್ತರಿಸಲಿಲ್ಲ. “ಸರ್, ನಾಳೆ ಎರಡನೆಯ ಪೀರಿಯಡ್ ಮುಗಿದ ಮೇಲೆ ಬಂದು ಹೇಳುತ್ತೇನೆ” ಎಂದೆ. ಇದಕ್ಕೂ ‘ನೋಡೋಣ’ಕ್ಕೂ ಇರುವ ವ್ಯತ್ಯಾಸ, ಇಲ್ಲಿ ಗಂಟೆ ಗೊತ್ತಾಗಿದೆ. ಹೇಳಿದ ಹೊತ್ತಿಗೆ ಹೋಗಲೇಬೇಕು. ಹೋಗದಿದ್ದರೆ ಮೌನವನ್ನು ಸಮ್ಮತಿ ಎಂದುಕೊಳ್ಳುತ್ತಾರೆ.

ಮರುದಿನ ಹೋಗಿ ಹೀಗೆಂದೆ: “ಸರ್, ನನ್ನನ್ನು ನೆನೆದದ್ದಕ್ಕೆ ಸಂತೋಷ. ಆದರೆ ಈ ವರ್ಷ ನಾಟಕದ ಹೊಣೆ ನನ್ನಿಂದ ಆಗುವುದಿಲ್ಲ. ತಾಲೀಮಿಗೆ ಹೋದರೆ ವಾರಕ್ಕೆ 53 ಮಕ್ಕಳ ಪುಸ್ತಕ ನಿಲ್ಲುತ್ತದೆ. ನಾಟಕದ ಕನ್ನಡ ಮಾತುಗಳನ್ನು ಒಮ್ಮೆ ಓದಿ ತಿದ್ದಿಕೊಡುತ್ತೇನೆ, ಶುಕ್ರವಾರದೊಳಗೆ.” ಮೊದಲು ಕೃತಜ್ಞತೆ, ಕೂಡಲೇ ಸ್ಪಷ್ಟವಾದ ‘ಆಗುವುದಿಲ್ಲ’, ಒಂದೇ ಒಂದು ಕಾರಣ, ಕೊನೆಗೆ ಅಳತೆ ಹಾಕಿದ ಒಂದು ಸಹಾಯ. ಕಾರಣ ಒಂದೇ ಇರಲಿ. ತಲೆನೋವು, ಮನೆಗೆ ನೆಂಟರು, ಬಸ್ಸಿನ ತೊಂದರೆ ಎಂದು ನಾಲ್ಕು ಹೇಳಿದರೆ, ಎದುರಿನವರು ಒಂದೊಂದಕ್ಕೂ ಪರಿಹಾರ ಹುಡುಕುತ್ತಾರೆ, ಕೊನೆಗೆ ನಮಗೆ ಬಾಯಿಯೇ ಇರುವುದಿಲ್ಲ. ಸುಳ್ಳು ಕಾರಣವಂತೂ ಬೇಡ. ಸಣ್ಣ ಊರಿನಲ್ಲಿ ಅದು ಸಂಜೆಯೊಳಗೆ ಗೊತ್ತಾಗುತ್ತದೆ.

ಅವರು ಸುಮ್ಮನಾಗಲಿಲ್ಲ. “ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ?” ಎಂದರು. ಇಲ್ಲಿ ಇನ್ನೊಬ್ಬ ಟೀಚರ ಹೆಸರು ಹೇಳಿ ಪಾರಾಗುವ ಆಸೆ ಬರುತ್ತದೆ. ಅವರನ್ನು ಕೇಳದೆ ಹೆಸರು ಹೇಳುವುದು ನಮ್ಮ ಹೊರೆಯನ್ನು ಅವರ ತಲೆಗೆ ಕಟ್ಟಿದಂತೆ. ನಾನು ಹಾಳೆಯನ್ನು ಮುಂದಿಟ್ಟು, “ನಾನೇ ಮಾಡಬೇಕೆಂದಾದರೆ ಇದರಲ್ಲಿ ಯಾವುದನ್ನು ಬಿಡಲಿ, ನೀವೇ ಹೇಳಿ ಸರ್” ಎಂದೆ. ದನಿ ಎತ್ತಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ, ನಾಟಕವನ್ನು ಚಿಕ್ಕದು ಮಾಡಿ ಇಬ್ಬರಿಗೆ ಹಂಚಿದರು. ಕೆಲವು ದಿನ ಅವರ ಮುಖ ಬಿಗಿಯಾಗಿತ್ತು, ನಿಜ. ಶುಕ್ರವಾರ ತಿದ್ದಿದ ಪ್ರತಿ ಕೈಗೆ ಕೊಟ್ಟ ಮೇಲೆ ಅದೂ ಸಡಿಲವಾಯಿತು.

ಸಭೆಗಳಿಗೂ ಇದೇ ದಾರಿ. ಶನಿವಾರದ ಸಭೆಗೆ ಕರೆ ಬಂದರೆ ಯಾವ ವಿಷಯ ಎಂದು ಮೊದಲು ಕೇಳಿ. ನಿಮ್ಮ ವಿಷಯ ಒಂದೇ ಇದ್ದರೆ, “ಅದನ್ನು ಮೊದಲು ತೆಗೆದುಕೊಂಡರೆ ಅರ್ಧ ಗಂಟೆ ಇದ್ದು ಹೋಗುತ್ತೇನೆ” ಎನ್ನಿ, ಇಲ್ಲವೇ ಅಭಿಪ್ರಾಯವನ್ನು ಬರೆದು ಕಳುಹಿಸಿ.

ಆದರೆ ಎಲ್ಲವನ್ನೂ ಬೇಡ ಎನ್ನಲಾಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಂ ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಆದರೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಹೊರಗಿಡುತ್ತದೆ. ಅಂಥ ಆದೇಶ ಬಂದರೆ ಹೋಗಬೇಕು. ನಿಜವಾದ ತೊಂದರೆ ಇದ್ದರೆ ದಾಖಲೆ ಸಹಿತ ಲಿಖಿತ ಮನವಿ ಕೊಡಬೇಕು. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತು. ಆದ್ದರಿಂದ ಅಂಥ ಶಾಲೆಯಲ್ಲಿ ಕಲಂ ತೋರಿಸಿ ವಾದಿಸುವುದಕ್ಕಿಂತ ಲೆಕ್ಕದ ಹಾಳೆ ತೋರಿಸುವುದೇ ಮೇಲು.

ಅತಿಥಿ ಶಿಕ್ಷಕರ ಪಾಡು ಬೇರೆ. ಮುಂದಿನ ವರ್ಷದ ಕೆಲಸವೇ ಖಾತ್ರಿಯಿಲ್ಲದವರಿಗೆ ‘ಆಗುವುದಿಲ್ಲ’ ಎನ್ನಿ ಎಂದು ನಾನು ಇಲ್ಲಿ ನಿಂತು ಉಪದೇಶಿಸಲಾರೆ. ಅವರು, “ಮಾಡುತ್ತೇನೆ ಸರ್, ಆದರೆ ಇದು ಮೊದಲೋ, ಪುಸ್ತಕ ತಿದ್ದುವುದು ಮೊದಲೋ?” ಎಂದಷ್ಟು ಕೇಳಬಹುದು. ಆಗ ತಡವಾದದ್ದರ ಹೊಣೆ ಅವರೊಬ್ಬರ ಮೇಲೆ ಬೀಳುವುದಿಲ್ಲ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಸಂಘವೂ ಟೀಚರುಗಳಿಗೆ ಕೆಲಸ ಹೇಳುತ್ತದೆ. ಹೇಳುವಾಗ ‘ಸ್ವಲ್ಪ ಕೆಲಸ’ ಎನ್ನದೆ ಎಷ್ಟು ಗಂಟೆ, ಯಾವ ತಾರೀಕಿನವರೆಗೆ ಎಂದು ಹೇಳಿ. ‘ಕೌಮಿನ ಕೆಲಸ’ ಎಂದು ಶುರುಮಾಡಿದರೆ ಯಾರಿಗೂ ಇಲ್ಲವೆನ್ನಲು ನಾಲಗೆ ಏಳುವುದಿಲ್ಲ. ‘ಹಳ್ಳಿ’ಯನ್ನು ‘ಹಲ್ಲಿ’ ಎಂದು ಬರೆದ ಆ ಹುಡುಗಿಯ ಪುಸ್ತಕ ಸಮಯಕ್ಕೆ ತಿದ್ದುವುದೂ ಕೌಮಿನ ಕೆಲಸವೇ.